ಪೋಸ್ಟೀರಿಯರ್ ಸರಾಸರಿಯ ಲೆಕ್ಕ: ಯಾವ ವೇರಿಯನ್ಸ್ ಎಲ್ಲಿಗೆ ಹಾಕಬೇಕು?

ನಾರ್ಮಲ್ ಹಂಚಿಕೆಯ ಸರಾಸರಿಯನ್ನು ಬೇಸಿಯನ್ ವಿಧಾನದಲ್ಲಿ ಅಂದಾಜು ಮಾಡುವ ಸೂತ್ರ ಒಂದೇ ಸಾಲಿನದು. ಮೊದಲೇ ಗೊತ್ತಿದ್ದ ಸರಾಸರಿ, ಅಂದರೆ ಪ್ರಯಾರ್ ಸರಾಸರಿ ಒಂದು ಕಡೆ. ಹೊಸ ಸ್ಯಾಂಪಲ್‌ಗಳ ಸರಾಸರಿ ಇನ್ನೊಂದು ಕಡೆ. ಎರಡಕ್ಕೂ ತೂಕ ಕೊಟ್ಟು ಕೂಡಿಸಿದರೆ ಪೋಸ್ಟೀರಿಯರ್ ಸರಾಸರಿ ಸಿಗುತ್ತದೆ. ಆದರೂ ಇದರಲ್ಲಿ ಮತ್ತೆ ಮತ್ತೆ ತಪ್ಪು ಉತ್ತರ ಬರುತ್ತದೆ. ಸೂತ್ರವನ್ನು ತಪ್ಪಾಗಿ ಬರೆಯುವವರು ಕಡಿಮೆ. ಸರಿಯಾದ ಸೂತ್ರಕ್ಕೆ ತಪ್ಪು ವೇರಿಯನ್ಸ್, ಅಂದರೆ ತಪ್ಪು ಮಾನಕ ವಿಚಲನೆಯ ವರ್ಗ, ಹಾಕುವವರೇ ಹೆಚ್ಚು. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಉದಾಹರಣೆ ಹಾಲಿನ ಸೊಸೈಟಿಯದು. ಒಬ್ಬ ರೈತ ಹೊಸ ಹಸು ಕಟ್ಟಿದ್ದಾರೆ. ಅದರ ಬೆಳಗಿನ ಹಾಲಿನ ಫ್ಯಾಟ್ ಸರಾಸರಿ ಎಷ್ಟು ಎಂದು ತಿಳಿಯಬೇಕು. ನಾಲ್ಕು ಬೇರೆ ಬೇರೆ ದಿನದ ಬೆಳಗಿನ ರೀಡಿಂಗ್ ಇವೆ: 4.2, 4.7, 4.1, 4.6. ಸೊಸೈಟಿಯ ರಿಜಿಸ್ಟರಿನಲ್ಲಿ ಅದೇ ಊರಿನ, ಅದೇ ತಳಿಯ 50 ಹಸುಗಳ ಬೆಳಗಿನ ಹಾಲಿನ ತಲಾ ಒಂದು ದಿನದ ರೀಡಿಂಗ್ ಇದೆ. ಅವುಗಳ ಸರಾಸರಿ 3.8, ಮಾನಕ ವಿಚಲನೆ 0.5. ಒಂದೇ ಹಸುವನ್ನು ಹಲವು ದಿನ ಅಳೆದಾಗ ರೀಡಿಂಗ್‌ಗಳ ನಡುವೆ ಕಾಣುವ ಮಾನಕ ವಿಚಲನೆ 0.4. ಇವೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಕೆಲಸಕ್ಕೆ ನಿಮ್ಮ ರಿಜಿಸ್ಟರಿನ ಅಂಕಿಗಳನ್ನೇ ಬಳಸಿ.

## ಕೈಯಲ್ಲಿ ಇರಬೇಕಾದದ್ದು

ಐದು ಅಂಕಿ ಬೇಕು: ಪ್ರಯಾರ್ ಸರಾಸರಿ `m0`, ಪ್ರಯಾರ್ ಮಾನಕ ವಿಚಲನೆ `s0`, ಒಂದು ರೀಡಿಂಗಿನ ಮಾನಕ ವಿಚಲನೆ `σ`, ಸ್ಯಾಂಪಲ್‌ಗಳ ಸಂಖ್ಯೆ `n`, ಸ್ಯಾಂಪಲ್ ಸರಾಸರಿ `ȳ`. ಉಪಕರಣವಾಗಿ ಕ್ಯಾಲ್ಕ್ಯುಲೇಟರ್ ಸಾಕು. ಕೊನೆಯಲ್ಲಿ ತಾಳೆ ನೋಡಲು ಪೈಥಾನ್ ಇದ್ದರೆ ಒಳ್ಳೆಯದು.

ಲೆಕ್ಕಕ್ಕೆ ಕೂರುವ ಮೊದಲು ಈ ಐದನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದು ಎಲ್ಲಿಂದ ಬಂತು ಎಂದು ಬರೆಯಿರಿ. `s0` ಎದುರು ಏನು ಬರೆಯಬೇಕೆಂದು ತೋಚದಿದ್ದರೆ ಮುಂದೆ ಹೋಗಬೇಡಿ.

## ಹಂತ 1: ಯಾವ ಸರಾಸರಿ ಬೇಕೆಂದು ಒಂದು ವಾಕ್ಯದಲ್ಲಿ ಬರೆಯಿರಿ

ಇಲ್ಲಿ ಹುಡುಕುತ್ತಿರುವ `μ` ಎಂದರೆ "ಈ ಒಂದು ಹಸುವಿನ ಬೆಳಗಿನ ಹಾಲಿನ ದೀರ್ಘಕಾಲದ ಸರಾಸರಿ ಫ್ಯಾಟ್". ಊರಿನ ಎಲ್ಲ ಹಸುಗಳ ಸರಾಸರಿ ಅಲ್ಲ, ನಾಳೆ ಬರುವ ರೀಡಿಂಗ್ ಕೂಡ ಅಲ್ಲ. ಈ ವಾಕ್ಯ ಗಟ್ಟಿಯಾಗಿದ್ದರೆ ಮುಂದಿನ ಎರಡು ಹಂತಗಳಲ್ಲಿ ಯಾವ ಅಂಕಿ ಆರಿಸಬೇಕು ಎಂಬ ಗೊಂದಲ ಬಹುಪಾಲು ಕಳೆಯುತ್ತದೆ.

ಪ್ರಯಾರ್ ಮತ್ತು ಸ್ಯಾಂಪಲ್ ಎರಡೂ ಇದೇ `μ` ಬಗ್ಗೆ ಮಾತಾಡಬೇಕು. ಬೆಳಗಿನ ಮತ್ತು ಸಂಜೆಯ ಕರಾವಿನ ನಡುವಿನ ಅಂತರ ಒಂದೇ ಇಲ್ಲದಿದ್ದರೆ ಎರಡರ ಫ್ಯಾಟ್ ಬೇರೆಯಾಗುತ್ತದೆ. ಒಂದೇ ಕರಾವಿನಲ್ಲೂ ಮೊದಲು ಬರುವ ಹಾಲಿನಲ್ಲಿ ಫ್ಯಾಟ್ ಕಡಿಮೆ, ಕೊನೆಗೆ ಬರುವುದರಲ್ಲಿ ಹೆಚ್ಚು. ಆದ್ದರಿಂದ ರಿಜಿಸ್ಟರಿನಲ್ಲಿ ಸಂಜೆಯ ಅಂಕಿಯಿದ್ದು ನಿಮ್ಮ ಸ್ಯಾಂಪಲ್ ಬೆಳಗಿನದಾದರೆ, ಅಥವಾ ಒಂದು ಕಡೆ ಇಡೀ ಕರಾವನ್ನು ಕಲಕಿ ತೆಗೆದ ಸ್ಯಾಂಪಲ್, ಇನ್ನೊಂದು ಕಡೆ ಕಲಕದೆ ಮೇಲಿನಿಂದ ತೆಗೆದದ್ದು ಎಂದಾದರೆ, ತೂಕ ಎಷ್ಟು ಸರಿಯಾಗಿ ಕೊಟ್ಟರೂ ಉತ್ತರ ಯಾವುದರ ಸರಾಸರಿಯೂ ಆಗಿರುವುದಿಲ್ಲ.

## ಹಂತ 2: ಒಂದು ರೀಡಿಂಗಿನ `σ` ನಿಗದಿ ಮಾಡಿ

`σ` ಎಂದರೆ ಒಂದೇ ಹಸುವಿನ ಒಂದೊಂದು ರೀಡಿಂಗ್ ಅದರ ನಿಜವಾದ ಸರಾಸರಿಯ ಸುತ್ತ ಎಷ್ಟು ಹೊಯ್ದಾಡುತ್ತದೆ ಎಂಬುದು. ದಿನದಿಂದ ದಿನಕ್ಕೆ ಮೇವು, ನೀರು, ಕರಾವಿನ ಹೊತ್ತು ಬದಲಾಗುವುದರಿಂದ ಬರುವ ಏರಿಳಿತ ಮತ್ತು ಯಂತ್ರದ ಅಳತೆಯ ಏರಿಳಿತ ಎರಡೂ ಇದರಲ್ಲಿ ಸೇರುತ್ತವೆ. ನಮ್ಮ ಉದಾಹರಣೆಯಲ್ಲಿ ಅದು 0.4.

ಇಲ್ಲಿ ಮಾಡುವ ತಪ್ಪು, ಕೈಯಲ್ಲಿರುವ ನಾಲ್ಕೇ ರೀಡಿಂಗ್‌ಗಳಿಂದ ಮಾನಕ ವಿಚಲನೆ ತೆಗೆದು ಅದನ್ನೇ `σ` ಎಂದು ಹಾಕುವುದು. ನಮ್ಮ ನಾಲ್ಕು ರೀಡಿಂಗ್‌ಗಳ ಮಾನಕ ವಿಚಲನೆ 0.29 ಬರುತ್ತದೆ. ಅದನ್ನು ಹಾಕಿದರೆ ಉತ್ತರ 4.28ಕ್ಕೆ ಏರುತ್ತದೆ, ಸರಿಯಾದ ಉತ್ತರ 4.22 ಎಂದು ಮುಂದೆ ನೋಡುತ್ತೀರಿ. ನಾಲ್ಕು ಅಂಕಿಯಿಂದ ತೆಗೆದ ಮಾನಕ ವಿಚಲನೆ ಕಾಕತಾಳೀಯವಾಗಿ ತುಂಬ ಚಿಕ್ಕದೋ ದೊಡ್ಡದೋ ಆಗಬಹುದು. ಚಿಕ್ಕದಾದಾಗ ಸೂತ್ರ ಸ್ಯಾಂಪಲ್ಲನ್ನು ಅತಿಯಾಗಿ ನಂಬುತ್ತದೆ.

ಹಲವು ಹಸುಗಳನ್ನು ತಲಾ ಹಲವು ದಿನ ಅಳೆದ ದಾಖಲೆ ಇದ್ದರೆ, ಪ್ರತಿ ಹಸುವಿನೊಳಗಿನ ವೇರಿಯನ್ಸ್ ಲೆಕ್ಕ ಹಾಕಿ, ಎಲ್ಲವನ್ನೂ ಒಟ್ಟುಗೂಡಿಸಿ ಒಂದು `σ` ತೆಗೆಯಿರಿ. ಅಂಥ ದಾಖಲೆ ಇಲ್ಲವೇ ಇಲ್ಲ, ನಾಲ್ಕು ರೀಡಿಂಗ್ ಮಾತ್ರ ಎಂದರೆ, `σ` ಗೊತ್ತಿಲ್ಲ ಎಂದೇ ಒಪ್ಪಿಕೊಂಡು ಅದಕ್ಕೂ ಪ್ರಯಾರ್ ಕೊಡುವ ಮಾದರಿಗೆ ಹೋಗಬೇಕು. ಆಗ ಪೋಸ್ಟೀರಿಯರ್ ನಾರ್ಮಲ್ ಆಗಿ ಉಳಿಯುವುದಿಲ್ಲ, ಅದರ ಬಾಲ ದಪ್ಪವಾಗುತ್ತದೆ. ಇಲ್ಲಿನ ಸೂತ್ರ `σ` ಗೊತ್ತಿರುವ ಸಂದರ್ಭಕ್ಕೆ ಮಾತ್ರ.

## ಹಂತ 3: ಪ್ರಯಾರ್ ಕಟ್ಟಿ — ಇಲ್ಲಿಯೇ ಹೆಚ್ಚು ಜನ ಎಡವುವುದು

`m0` ಸುಲಭ: ಅಂಥ ಹಸುಗಳ ಸರಾಸರಿ, 3.8. ಕಷ್ಟವಿರುವುದು `s0`ನಲ್ಲಿ. ರಿಜಿಸ್ಟರ್ ನೋಡಿದ ಕೂಡಲೇ ಮೂರು ಬೇರೆ ಬೇರೆ ಅಂಕಿಗಳು "ನಾನೇ ಮಾನಕ ವಿಚಲನೆ" ಎಂದು ಎದುರು ನಿಲ್ಲುತ್ತವೆ.

ಮೊದಲನೆಯದು 0.5, ರಿಜಿಸ್ಟರಿನ 50 ರೀಡಿಂಗ್‌ಗಳ ಮಾನಕ ವಿಚಲನೆ. ಇದನ್ನು ನೇರವಾಗಿ ಹಾಕಬಾರದು. ಆ 50 ಅಂಕಿಗಳು ಒಂದಕ್ಕೊಂದು ಬೇರೆಯಾಗಿರುವುದಕ್ಕೆ ಎರಡು ಕಾರಣಗಳಿವೆ: ಹಸುಗಳೇ ಬೇರೆ ಬೇರೆ, ಮತ್ತು ಪ್ರತಿ ರೀಡಿಂಗ್‌ನಲ್ಲೂ ಆ ದಿನದ ಏರಿಳಿತ ಸೇರಿದೆ. ಎರಡನೆಯ ಕಾರಣವನ್ನು ನಾವು ಆಗಲೇ `σ`ನಲ್ಲಿ ಲೆಕ್ಕಕ್ಕೆ ತಂದಿದ್ದೇವೆ. ಮತ್ತೆ ಇಲ್ಲೂ ಸೇರಿಸಿದರೆ ಪ್ರಯಾರ್ ಅನಗತ್ಯವಾಗಿ ಸಡಿಲವಾಗುತ್ತದೆ.

ಎರಡನೆಯದು 0.07. ಇದು 0.5ನ್ನು 50ರ ವರ್ಗಮೂಲದಿಂದ ಭಾಗಿಸಿದಾಗ ಸಿಗುವ ಮಾನಕ ದೋಷ. "ಊರಿನ ಸರಾಸರಿ ನಮಗೆ ಇಷ್ಟು ನಿಖರವಾಗಿ ಗೊತ್ತಿದೆ" ಎಂದು ಅದು ಹೇಳುತ್ತದೆ. ನಮಗೆ ಬೇಕಾಗಿರುವುದು ಊರಿನ ಸರಾಸರಿಯಲ್ಲ, ಒಂದು ಹಸುವಿನದು. ಊರಿನ ಸರಾಸರಿ ಕರಾರುವಾಕ್ಕಾಗಿ ಗೊತ್ತಿದ್ದರೂ ಹೊಸ ಹಸು ಅದರಿಂದ ದೂರವಿರಬಹುದು. ಮಾನಕ ದೋಷವನ್ನು `s0` ಎಂದು ಹಾಕುವುದು ಈ ಲೆಕ್ಕದ ಅತ್ಯಂತ ದುಬಾರಿ ತಪ್ಪು. ಹೊಸ ರೀಡಿಂಗ್‌ಗಳ ಬಾಯಿಯನ್ನೇ ಅದು ಮುಚ್ಚಿಸುತ್ತದೆ.

ಸರಿಯಾದದ್ದು ಮೂರನೆಯದು: ಹಸುವಿನಿಂದ ಹಸುವಿಗೆ ನಿಜವಾದ ಸರಾಸರಿಗಳು ಎಷ್ಟು ಬೇರೆಯಾಗುತ್ತವೆ ಎಂಬ ಮಾನಕ ವಿಚಲನೆ. ರಿಜಿಸ್ಟರಿನಲ್ಲಿ ಅದು ನೇರವಾಗಿ ಕಾಣುವುದಿಲ್ಲ, ಕಳೆದು ತೆಗೆಯಬೇಕು. ಒಟ್ಟು ವೇರಿಯನ್ಸ್ 0.5² = 0.25. ಅದರಲ್ಲಿ ಒಂದು ರೀಡಿಂಗಿನ ಏರಿಳಿತ 0.4² = 0.16. ಉಳಿದದ್ದು 0.09. ಅದರ ವರ್ಗಮೂಲ 0.3, ಅದೇ `s0`.

ಕಳೆಯುವುದು ವೇರಿಯನ್ಸ್‌ಗಳನ್ನು, ಮಾನಕ ವಿಚಲನೆಗಳನ್ನಲ್ಲ. 0.5ರಿಂದ 0.4 ಕಳೆದು 0.1 ಎಂದು ಬರೆದರೆ ತಪ್ಪು. ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ, ನಿಮ್ಮ `σ` ಬೇರೆ ಬಗೆಯ ಹಾಲಿನದೋ ಬೇರೆ ಯಂತ್ರದ್ದೋ ಆಗಿರಬಹುದು, ಇಲ್ಲವೇ ದಾಖಲೆ ತೀರಾ ಚಿಕ್ಕದು.

ಇನ್ನೊಂದು ಎಚ್ಚರಿಕೆ: ಈ ಹೊಸ ಹಸುವಿನ ನಾಲ್ಕು ರೀಡಿಂಗ್‌ಗಳು ರಿಜಿಸ್ಟರಿನ ಆ 50ರಲ್ಲಿ ಸೇರಿರಬಾರದು. ಸೇರಿದ್ದರೆ ಒಂದೇ ಮಾಹಿತಿಯನ್ನು ಎರಡು ಸಲ ಎಣಿಸಿದಂತಾಗುತ್ತದೆ.

## ಹಂತ 4: ತೂಕ ಲೆಕ್ಕ ಹಾಕಿ

ಮೊದಲು ಸ್ಯಾಂಪಲ್ ಸರಾಸರಿಯ ವೇರಿಯನ್ಸ್ ಬರೆಯಿರಿ. ಒಂದು ರೀಡಿಂಗಿನದು 0.16, ನಾಲ್ಕರ ಸರಾಸರಿಯದು 0.16/4 = 0.04. ಪ್ರಯಾರ್ ವೇರಿಯನ್ಸ್ 0.09. ಇನ್ನು ಮುಂದೆ ಬೇಕಾಗುವುದು ಈ ಎರಡೇ ಅಂಕಿ.

ವೇರಿಯನ್ಸನ್ನು ತಲೆಕೆಳಗು ಮಾಡಿದರೆ ಪ್ರಿಸಿಷನ್ ಸಿಗುತ್ತದೆ. ಪ್ರಯಾರಿನದು 1/0.09 = 11.11, ಸ್ಯಾಂಪಲಿನದು 1/0.04 = 25, ಒಟ್ಟು 36.11. ತೂಕ ಎಂದರೆ ಒಟ್ಟು ಪ್ರಿಸಿಷನ್‌ನಲ್ಲಿ ಪ್ರತಿಯೊಂದರ ಪಾಲು: ಸ್ಯಾಂಪಲಿಗೆ 25/36.11 = 0.692, ಪ್ರಯಾರಿಗೆ 0.308.

ತೂಕ ಯಾಕೆ ಪ್ರಿಸಿಷನ್‌ನಲ್ಲೇ ಬರಬೇಕು ಎಂಬುದನ್ನು ಒಮ್ಮೆ ಕೈಯಾರೆ ಬಿಡಿಸಿ ನೋಡಿದರೆ ಮುಂದೆ ಅದಲುಬದಲಾಗುವುದಿಲ್ಲ. ನಾರ್ಮಲ್ ಹಂಚಿಕೆಯ ಘಾತದಲ್ಲಿ ವರ್ಗವೊಂದು ಇರುತ್ತದೆ, ಅದನ್ನು ವೇರಿಯನ್ಸ್ ಭಾಗಿಸುತ್ತದೆ. ಪ್ರಯಾರನ್ನೂ, ಒಂದೊಂದು `μ`ಗೆ ಈ ರೀಡಿಂಗ್‌ಗಳು ಬರುವ ಸಾಧ್ಯತೆ ಎಷ್ಟು ಎಂದು ಹೇಳುವ ಲೈಕ್ಲಿಹುಡ್ಡನ್ನೂ ಗುಣಿಸಿದಾಗ ಘಾತಗಳು ಕೂಡಿಕೊಳ್ಳುತ್ತವೆ. ಆ ಮೊತ್ತದ ಇಳಿಜಾರನ್ನು ಸೊನ್ನೆಗೆ ಸಮ ಮಾಡಿದರೆ:

```
(μ − m0)/s0² + (μ − ȳ)/(σ²/n) = 0
```

ಇದನ್ನು `μ`ಗೆ ಬಿಡಿಸಿದರೆ `m0` ಮುಂದೆ 1/s0², `ȳ` ಮುಂದೆ n/σ² ತಾವಾಗಿಯೇ ಬಂದು ನಿಲ್ಲುತ್ತವೆ. ವೇರಿಯನ್ಸ್ ಛೇದದಲ್ಲಿ ಕೂತಿರುವುದರಿಂದ ಹೆಚ್ಚು ಅಲುಗಾಡುವುದಕ್ಕೆ ಕಡಿಮೆ ತೂಕ. ಮೊತ್ತವೂ `μ`ನ ವರ್ಗರೂಪವೇ ಆದ್ದರಿಂದ ಪೋಸ್ಟೀರಿಯರ್ ಕೂಡ ನಾರ್ಮಲ್, ಹೀಗಾಗಿ ಅದರ ಶಿಖರ ಮತ್ತು ಸರಾಸರಿ ಒಂದೇ ಬಿಂದು.

ತೂಕವನ್ನು ನೋಡುವ ಇನ್ನೊಂದು ದಾರಿ ನನಗೆ ಹೆಚ್ಚು ಉಪಯುಕ್ತ ಅನಿಸುತ್ತದೆ. `σ²/s0²` ಲೆಕ್ಕ ಹಾಕಿ: 0.16/0.09 = 1.78. ಅಂದರೆ ಈ ಪ್ರಯಾರಿನ ಬಲ ಸುಮಾರು 1.78 ರೀಡಿಂಗ್‌ಗಳಿಗೆ ಸಮ. ಕೈಯಲ್ಲಿರುವುದು 4 ರೀಡಿಂಗ್, ಹಾಗಾಗಿ ಸ್ಯಾಂಪಲಿನ ತೂಕ 4/(4 + 1.78) = 0.692; ಅದೇ ಉತ್ತರ. ಪ್ರಯಾರ್ ತೀರಾ ಬಿಗಿಯಾಯಿತೇ ಎಂದು ಅಳೆಯಲು ಇದಕ್ಕಿಂತ ನೇರವಾದ ದಾರಿಯಿಲ್ಲ. ಮಾನಕ ದೋಷ 0.07ನ್ನು `s0` ಎಂದು ಹಾಕಿದ್ದರೆ ಈ ಅಂಕಿ 32 ಬರುತ್ತಿತ್ತು. "ಈ ಹಸುವನ್ನು ನೋಡುವ ಮೊದಲೇ 32 ದಿನ ಅಳೆದಷ್ಟು ನನಗೆ ಗೊತ್ತಿದೆಯೇ?" ಎಂದು ಕೇಳಿಕೊಂಡರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

## ಹಂತ 5: ಸರಾಸರಿ ಮತ್ತು ಅದರ ಹರವು

ನಾಲ್ಕು ರೀಡಿಂಗ್‌ಗಳ ಸರಾಸರಿ 17.6/4 = 4.4. ಪ್ರಯಾರಿನಿಂದ ಅದು 0.6 ಮೇಲಿದೆ. ಆ ದೂರದಲ್ಲಿ 0.692 ಪಾಲು ನಡೆದರೆ ಸಾಕು:

```
3.8 + 0.692 × (4.4 − 3.8) = 4.215
```

ಪೋಸ್ಟೀರಿಯರ್ ವೇರಿಯನ್ಸ್ ಒಟ್ಟು ಪ್ರಿಸಿಷನ್‌ನ ವಿಲೋಮ: 1/36.11 = 0.0277. ಮಾನಕ ವಿಚಲನೆ 0.166. ಶೇ. 95ರ ವ್ಯಾಪ್ತಿ 4.215 ± 1.96 × 0.166, ಅಂದರೆ ಸುಮಾರು 3.89ರಿಂದ 4.54.

ಈ ವ್ಯಾಪ್ತಿ ಹಸುವಿನ ಸರಾಸರಿಯದು. ನಾಳೆ ಬೆಳಗಿನ ರೀಡಿಂಗ್ ಇದರೊಳಗೇ ಬೀಳುತ್ತದೆ ಎಂದು ರೈತರಿಗೆ ಹೇಳಿದರೆ ಬೇಗನೆ ಸುಳ್ಳಾಗುತ್ತದೆ. ನಾಳೆಯ ರೀಡಿಂಗಿಗೆ ಆ ದಿನದ ಏರಿಳಿತವನ್ನೂ ಸೇರಿಸಬೇಕು: 0.0277 + 0.16 = 0.1877, ಮಾನಕ ವಿಚಲನೆ 0.433, ವ್ಯಾಪ್ತಿ ಸುಮಾರು 3.37ರಿಂದ 5.06. ಎರಡನೆಯ ವ್ಯಾಪ್ತಿ ಮೊದಲನೆಯದಕ್ಕಿಂತ ಎರಡೂವರೆ ಪಟ್ಟು ಅಗಲ.

ರೀಡಿಂಗ್‌ಗಳು ಒಂದೊಂದಾಗಿ ಬಂದರೆ ಇದೇ ಹಂತವನ್ನು ಒಂದೊಂದಕ್ಕೂ ಮಾಡಬಹುದು, ಇಂದಿನ ಪೋಸ್ಟೀರಿಯರ್ ನಾಳೆಯ ಪ್ರಯಾರ್ ಆಗುತ್ತದೆ. ನಮ್ಮ ಅಂಕಿಗಳಲ್ಲಿ ಸರಾಸರಿ 3.8ರಿಂದ ಹೊರಟು 3.944, 4.144, 4.135, 4.215 ಎಂದು ಸಾಗುತ್ತದೆ. ಕೊನೆಯ ಅಂಕಿ ಒಟ್ಟಿಗೆ ಮಾಡಿದ ಲೆಕ್ಕಕ್ಕೆ ಸರಿಹೊಂದದಿದ್ದರೆ, ನಡುವೆ ಎಲ್ಲೋ `s0` ಬದಲಿಸಲು ಮರೆತಿದ್ದೀರಿ.

## ಹಂತ 6: ಸೂತ್ರವಿಲ್ಲದೆ ಮತ್ತೊಮ್ಮೆ ಲೆಕ್ಕ ಹಾಕಿ

ಸೂತ್ರವನ್ನು ಅದೇ ಸೂತ್ರದಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಕೆಳಗಿನ ಕೋಡ್ `μ`ನ ಸಾವಿರಾರು ಬೆಲೆಗಳಿಗೆ ಪ್ರಯಾರ್ ಮತ್ತು ಪ್ರತಿ ರೀಡಿಂಗಿನ ಲೈಕ್ಲಿಹುಡ್ ಗುಣಿಸಿ, ಬಂದದ್ದರ ಸರಾಸರಿ ತೆಗೆಯುತ್ತದೆ. ತೂಕದ ಸೂತ್ರ ಇದರಲ್ಲಿ ಎಲ್ಲೂ ಇಲ್ಲ.

```python
import numpy as np
m0, s0, sigma = 3.8, 0.3, 0.4
y = [4.2, 4.7, 4.1, 4.6]
mu = np.linspace(2, 6, 4001)
logp = -(mu - m0)**2 / (2*s0**2)
for v in y:
    logp -= (v - mu)**2 / (2*sigma**2)
p = np.exp(logp - logp.max())
p /= p.sum()
mean = (mu*p).sum()
sd = np.sqrt(((mu - mean)**2 * p).sum())
print(round(mean, 3), round(sd, 3))
```

`4.215 0.166` ಬರಬೇಕು. ಕೈಲೆಕ್ಕ ಇದಕ್ಕೆ ಹೊಂದದಿದ್ದರೆ ಈ ಕೆಳಗಿನವುಗಳಲ್ಲಿ ನಿಮ್ಮ ಅಂಕಿ ಇದೆಯೇ ನೋಡಿ.

4.02 ಬಂದರೆ `σ²`ನ್ನು `n`ನಿಂದ ಭಾಗಿಸಲು ಮರೆತಿದ್ದೀರಿ. ರೀಡಿಂಗ್‌ಗಳ ಸಂಖ್ಯೆ ಹೆಚ್ಚಿಸಿದರೂ ತೂಕ ಕದಲದೆ ನಿಂತಿರುವುದು ಇದರ ಲಕ್ಷಣ.

3.98 ಬಂದರೆ ತೂಕಗಳು ಅದಲುಬದಲಾಗಿವೆ. ರೀಡಿಂಗ್ ಹೆಚ್ಚಿದಷ್ಟೂ ಉತ್ತರ ಪ್ರಯಾರ್ ಕಡೆಗೆ ಜಾರುತ್ತದೆ.

4.16 ಬಂದರೆ ವೇರಿಯನ್ಸ್ ಬದಲು ಮಾನಕ ವಿಚಲನೆಗಳಿಂದ (0.3 ಮತ್ತು 0.2) ತೂಕ ತೆಗೆದಿದ್ದೀರಿ. ಉತ್ತರ ಸರಿಯಾದದ್ದಕ್ಕೆ ಹತ್ತಿರವೇ ಇರುವುದರಿಂದ ಇದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ಕಂಪ್ಯೂಟರ್‌ನಲ್ಲಿ ಮಾತ್ರ ಬೇರೆ ಉತ್ತರ ಬಂದರೆ ಫಂಕ್ಷನ್ ಏನು ಕೇಳುತ್ತದೆ ಎಂದು ನೋಡಿ. ಆರ್‌ನ `dnorm` ಮಾನಕ ವಿಚಲನೆ ಕೇಳುತ್ತದೆ, ಸ್ಟ್ಯಾನ್‌ನ `normal` ಕೂಡ ಅದನ್ನೇ. ಜ್ಯಾಗ್ಸ್‌ನ `dnorm` ಕೇಳುವುದು ಪ್ರಿಸಿಷನ್. ಅಲ್ಲಿ 0.3 ಎಂದು ಬರೆದರೆ ಮಾನಕ ವಿಚಲನೆ 1.83 ಎಂದು ಓದಿಕೊಳ್ಳುತ್ತದೆ, ಯಾವ ದೂರೂ ಹೇಳುವುದಿಲ್ಲ.

ಈ ಕೋಡ್ ಹಿಡಿಯದ ತಪ್ಪೊಂದಿದೆ. `s0` ತಪ್ಪಾಗಿದ್ದರೆ ಸೂತ್ರವೂ ಕೋಡೂ ಒಂದೇ ತಪ್ಪು ಉತ್ತರ ಕೊಟ್ಟು ತಾಳೆಯಾಗುತ್ತವೆ. `s0` = 0.5 ಹಾಕಿದರೆ ಎರಡರಲ್ಲೂ 4.32, 0.07 ಹಾಕಿದರೆ ಎರಡರಲ್ಲೂ 3.87. ಅದಕ್ಕೆ ಮದ್ದು ಹಂತ 3 ಮಾತ್ರ.

## ಹಂತ 7: ಪ್ರಯಾರೂ ಸ್ಯಾಂಪಲೂ ಜಗಳವಾಡುತ್ತಿವೆಯೇ?

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಹಂತ 5ರ ವೇರಿಯನ್ಸ್ ಸೂತ್ರವನ್ನು ಮತ್ತೊಮ್ಮೆ ನೋಡಿ: ಅದರಲ್ಲಿ `ȳ` ಇಲ್ಲ. ಅಂದರೆ ಸ್ಯಾಂಪಲ್ ಪ್ರಯಾರಿಗೆ ಹೊಂದಿದ್ದರೂ ಹೊಂದದೆ ಎಲ್ಲೋ ದೂರ ಬಿದ್ದಿದ್ದರೂ, ಪೋಸ್ಟೀರಿಯರ್ ಒಂದೇ ಪ್ರಮಾಣದ ಆತ್ಮವಿಶ್ವಾಸದಿಂದ ಉತ್ತರ ಕೊಡುತ್ತದೆ.

ನಾಲ್ಕು ರೀಡಿಂಗ್‌ಗಳ ಸರಾಸರಿ 4.4 ಬದಲು 5.6 ಬಂತು ಎಂದುಕೊಳ್ಳಿ. ಸೂತ್ರ 5.05 ಎನ್ನುತ್ತದೆ, ಮಾನಕ ವಿಚಲನೆ ಅದೇ 0.166. ಆದರೆ ಪ್ರಯಾರಿನ ಪ್ರಕಾರ 5.05ರ ಹಸು ಬಲು ಅಪರೂಪ. ರೀಡಿಂಗ್‌ಗಳ ಪ್ರಕಾರವೂ ಅದು ಬಹಳ ಕಡಿಮೆಯಾಯಿತು. ಎರಡೂ ಮೂಲಗಳು ಒಪ್ಪದ ಜಾಗಕ್ಕೆ ಸರಾಸರಿ ಹೋಗಿ ಕೂತಿದೆ. ಎಮ್ಮೆ ಹಾಲು ಬೆರೆತಿರಬಹುದು, ಕರಾವಿನ ಕೊನೆಗೆ ಬರುವ ಹಾಲು ಮಾತ್ರ ಸ್ಯಾಂಪಲಿಗೆ ಬಂದಿರಬಹುದು, ಯಂತ್ರ ಕೆಟ್ಟಿರಬಹುದು. ಎಮ್ಮೆ ಹಾಲು ಬೆರೆತಿದ್ದರೆ ಅದಕ್ಕೆ ಉತ್ತರ 5.6ಕ್ಕೂ 3.8ಕ್ಕೂ ನಡುವಿನ ಒಂದು ಅಂಕಿ ಅಲ್ಲ.

ಪರೀಕ್ಷೆ ಸರಳ. `ȳ` ಮತ್ತು `m0` ನಡುವಿನ ದೂರವನ್ನು ಎರಡೂ ವೇರಿಯನ್ಸ್‌ಗಳ ಮೊತ್ತದ ವರ್ಗಮೂಲದಿಂದ ಭಾಗಿಸಿ:

```
z = (ȳ − m0) / √(s0² + σ²/n)
```

4.4ಕ್ಕೆ ಇದು 0.6/0.361 = 1.66, ಚಿಂತೆಯಿಲ್ಲ. 5.6ಕ್ಕೆ 1.8/0.361 = 4.99, ಇಲ್ಲಿ ಲೆಕ್ಕ ನಿಲ್ಲಿಸಿ. 2 ದಾಟಿದರೆ ಸ್ಯಾಂಪಲ್ ತೆಗೆದ ರೀತಿ ವಿಚಾರಿಸಿ, 3 ದಾಟಿದರೆ ಕಾರಣ ಸಿಗುವವರೆಗೆ ತೂಕದ ಸರಾಸರಿಯನ್ನು ಯಾರಿಗೂ ಕೊಡಬೇಡಿ. `z` ದೊಡ್ಡದಾಯಿತೆಂದು `s0`ನ್ನು ಹಿಗ್ಗಿಸಿ ಹೊಂದಿಸುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಪ್ರಯಾರನ್ನು ಅದೇ ಸ್ಯಾಂಪಲಿನಿಂದ ತಿದ್ದಿದಂತಾಯಿತು.

## `n` ನಿಜವಾಗಿಯೂ ನಾಲ್ಕೇ?

ಕೊನೆಗೆ ಉಳಿಯುವ ಅಂಕಿ `n`. ಸೂತ್ರದ `σ²/n` ಎಂಬುದು ರೀಡಿಂಗ್‌ಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡು ಬರೆದದ್ದು. ಒಂದೇ ಬೆಳಗಿನ ಒಂದೇ ಕ್ಯಾನಿನಿಂದ ನಾಲ್ಕು ಸಲ ತೆಗೆದು ಅಳೆದರೆ ಆ ದಿನದ ಏರಿಳಿತ ನಾಲ್ಕರಲ್ಲೂ ಒಂದೇ. ಅದು ಸರಾಸರಿಯಲ್ಲಿ ಕರಗುವುದಿಲ್ಲ. ಅಂಥ ನಾಲ್ಕನ್ನು ಒಂದು ರೀಡಿಂಗ್ ಎಂದು ಎಣಿಸುವುದೇ ಸುರಕ್ಷಿತ.

ಬೇರೆ ದಿನಗಳಾದರೂ ಬೆನ್ನುಬೆನ್ನಿಗೆ ಬಂದರೆ, ಅದೇ ಮೇವು, ಅದೇ ಹವೆ, ಹಾಗಾಗಿ ಸ್ವಲ್ಪ ನಂಟು ಉಳಿಯುತ್ತದೆ. ರೀಡಿಂಗ್‌ಗಳ ನಡುವಿನ ಸಹಸಂಬಂಧ `ρ` ಎಂದಾದರೆ ಸರಾಸರಿಯ ವೇರಿಯನ್ಸ್ `(σ²/n) × (1 + (n−1)ρ)`. `ρ` 0.5 ಇದ್ದರೆ 0.04 ಹೋಗಿ 0.10 ಆಗುತ್ತದೆ, ಸ್ಯಾಂಪಲಿನ ತೂಕ 0.692ರಿಂದ 0.474ಕ್ಕೆ ಇಳಿಯುತ್ತದೆ, ಉತ್ತರ 4.08, ಮಾನಕ ವಿಚಲನೆ 0.22. ನಾಲ್ಕು ರೀಡಿಂಗ್‌ಗಳನ್ನು ವಾರಕ್ಕೊಂದರಂತೆ ತೆಗೆದರೆ ಈ ತಿದ್ದುಪಡಿಯ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಯಂತ್ರ ಪ್ರತಿ ಸಲವೂ 0.1 ಹೆಚ್ಚು ತೋರಿಸುತ್ತಿದ್ದರೆ ಮಾತ್ರ ಎಷ್ಟು ವಾರ ಕಾದರೂ ಅದು ಹೋಗುವುದಿಲ್ಲ. ಅಂಥ ದೋಷವನ್ನು ಯಂತ್ರದಲ್ಲೇ ಸರಿಪಡಿಸಿ ಆಮೇಲೆ ಹಂತ 1ಕ್ಕೆ ಬನ್ನಿ.